ಏಳು ಗಂಟೆಯ 7, ಅಂಗಡಿಯ 7: ಡ್ರೈವರ್‌ಗಳ ಅರಬೀಝಿ ಓದಲು ಕಲಿತ ಕಥೆ

ಮೊನ್ನೆ ನನ್ನ ಪ್ರೊಬೇಷನ್ ಮುಗಿಯಿತು. ಕೆಲಸ ಕಾಯಂ ಆದ ಪತ್ರ ಕೈಗೆ ಬಂದಿದೆ. ಶಾರ್ಜಾದ ಒಂದು ಗೋದಾಮಿನಲ್ಲಿ ನನ್ನದು ಡಿಸ್ಪ್ಯಾಚ್ ಕೆಲಸ. ಯಾವ ಲಾರಿ ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ಗಿರಾಕಿಗೆ ಅಂತ ನೋಡಿಕೊಳ್ಳುವುದು. ಊರು ಕಾರ್ಕಳದ ಹತ್ತಿರ. ಈ ಆರು ತಿಂಗಳಲ್ಲಿ ಲಾರಿ, ಚೀಸು, ಮೊಸರಿನ ಡಬ್ಬಿ ಯಾವುದೂ ನನಗೆ ಕಷ್ಟ ಕೊಡಲಿಲ್ಲ. ಕಷ್ಟ ಕೊಟ್ಟದ್ದು ಡ್ರೈವರ್‌ಗಳ ವಾಟ್ಸಾಪ್ ಗ್ರೂಪ್. ಇನ್ನೊಬ್ಬರು ಇದೇ ಗುಂಡಿಗೆ ಬೀಳುವುದು ಬೇಡ ಅಂತ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಗ್ರೂಪಿನಲ್ಲಿ ಹನ್ನೊಂದು ಜನ. ಹೆಚ್ಚಿನವರು ಈಜಿಪ್ಟಿನವರು. ಸೂಪರ್‌ವೈಸರ್ ಲೆಬನಾನಿನವರು. ದೊಡ್ಡ ಗಿರಾಕಿ ಒಬ್ಬರು ಇಲ್ಲಿನವರೇ, ಎಮಿರಾತಿ. ನನಗಿಂತ ಮುಂಚೆ ಈ ಸೀಟಿನಲ್ಲಿದ್ದವರೂ ಈಜಿಪ್ಟಿನವರೇ ಆಗಿದ್ದರಿಂದ ಎಲ್ಲರೂ ತಮ್ಮ ಭಾಷೆಯಲ್ಲೇ ಬರೆಯುತ್ತಿದ್ದರು. ಮಾತು ಅರಬ್ಬಿ, ಆದರೆ ಬರಹ ಅರಬ್ಬಿ ಲಿಪಿಯೂ ಅಲ್ಲ, ಇಂಗ್ಲಿಷೂ ಅಲ್ಲ. ಅರಬೀಝಿ ಅನ್ನುವುದು ಇದನ್ನೇ. ಇಂಗ್ಲಿಷ್ ಅಕ್ಷರಗಳ ನಡುವೆ 2, 3, 5, 7 ಎಲ್ಲ ತೂರಿಕೊಂಡಿರುತ್ತವೆ. ಮೊದಲ ದಿನ ನೋಡಿದಾಗ ಯಾರೋ ಪಾಸ್‌ವರ್ಡ್ ಕಳಿಸುತ್ತಿದ್ದಾರೆ ಅನ್ನಿಸಿತು. ಹ್ಯಾಂಡೋವರ್ ಮಾಡಿದವರು ಎರಡು ಫೈಲು, ಒಂದು ಸೀಲು, ಮೂರು ಬೀಗದ ಕೈ ಕೊಟ್ಟರು. ಈ ಬರಹದ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಅವರಿಗೆ ಅದು ಹೇಳಬೇಕಾದ ವಿಷಯ ಅಂತಲೇ ಅನ್ನಿಸಿರಲಿಕ್ಕಿಲ್ಲ.

ಎರಡನೇ ವಾರ ಪೆಟ್ಟು ಬಿತ್ತು. ರಾತ್ರಿ ಹತ್ತೂವರೆಗೆ ಒಬ್ಬ ಡ್ರೈವರ್ ಹೀಗೆ ಬರೆದ:

```
bokra el sa3a 7 3and el ma7al
```

ಅನುವಾದದ ಆಪಿಗೆ ಹಾಕಿದೆ. ಅದು ಇದ್ದದ್ದನ್ನು ಇದ್ದ ಹಾಗೇ ವಾಪಸ್ ಕೊಟ್ಟಿತು. ಸರಿ, ನನ್ನದೇ ತಲೆ ಓಡಿಸಿದೆ. bokra ಅಂದರೆ ನಾಳೆ, ಅಷ್ಟು ಗೊತ್ತಿತ್ತು. ಆಮೇಲೆ ಕಣ್ಣಿಗೆ ಬಿದ್ದದ್ದು 3, 7, 3, 7. ಅದರ ಮೇಲೆ 3and ಅಂತ ಬೇರೆ ಇದೆ. ನಾನು ಅದನ್ನು ಇಂಗ್ಲಿಷಿನಲ್ಲಿ ಓದಿಕೊಂಡೆ, 'ಮೂರು ಮತ್ತು' ಅಂತ. ನಾಳೆ ಮಧ್ಯಾಹ್ನ 3ರಿಂದ 7ರ ನಡುವೆ ಬರುತ್ತೇನೆ ಅನ್ನುತ್ತಿದ್ದಾನೆ ಅಂತ ತೀರ್ಮಾನ ಮಾಡಿ, ಗಿರಾಕಿಗೂ ಹಾಗೇ ತಿಳಿಸಿ ಮಲಗಿದೆ.

ಡ್ರೈವರ್ ಬೆಳಗ್ಗೆ 7ಕ್ಕೆ ಅಂಗಡಿ ಮುಂದೆ ಹಾಜರ್. ಅಂಗಡಿ ಮುಚ್ಚಿತ್ತು. ಕೋಲ್ಡ್ ಟ್ರಕ್ಕಿನ ಯಂತ್ರ ಓಡಿಸಿಕೊಂಡು ಮೂರು ಗಂಟೆ ನಿಂತಿದ್ದ. ಕಾದ ಬಾಬ್ತು 250 ದಿರ್ಹಮ್ ನನ್ನ ಸಂಬಳದಿಂದ ಹೋಯಿತು. ದುಡ್ಡಿಗಿಂತ ಜಾಸ್ತಿ ಬೇಜಾರಾದದ್ದು ಗ್ರೂಪಿನಲ್ಲಿ ಎಲ್ಲರೂ ಅದರ ಬಗ್ಗೆ ಬರೆಯುತ್ತಿದ್ದಾಗ. ನನ್ನನ್ನು ಬೈಯುತ್ತಿದ್ದಾರೋ, ನನ್ನ ಪರ ಮಾತಾಡುತ್ತಿದ್ದಾರೋ, ಅದನ್ನೂ ಓದಲು ಆಗಲಿಲ್ಲ ನೋಡಿ.

ಆ ಮೆಸೇಜಿನ ಸರಿಯಾದ ಅರ್ಥ ಇಷ್ಟೇ: ನಾಳೆ ಏಳು ಗಂಟೆಗೆ ಅಂಗಡಿಯ ಹತ್ತಿರ. ಅದರಲ್ಲಿದ್ದ ನಾಲ್ಕು ಅಂಕಿಗಳಲ್ಲಿ ನಿಜವಾದ ಅಂಕಿ ಒಂದೇ, ಒಂಟಿಯಾಗಿ ನಿಂತಿದ್ದ 7. ಉಳಿದ ಮೂರೂ ಅಕ್ಷರಗಳು. sa3a ಅಂದರೆ ಗಂಟೆ, ಹೊತ್ತು. 3and ಅಂದರೆ ಹತ್ತಿರ. ma7al ಅಂದರೆ ಅಂಗಡಿ.

ಇದನ್ನು ನನಗೆ ಬಿಡಿಸಿ ಹೇಳಿದ್ದು ಅಕೌಂಟ್ಸ್‌ನಲ್ಲಿರುವ ಭಟ್ಕಳದ ಭಾಯಿ. ಇಪ್ಪತ್ತು ವರ್ಷದಿಂದ ಇಲ್ಲಿದ್ದಾರೆ. ಸಂಜೆ ಕರಕ್ ಚಹಾದ ಅಂಗಡಿಯಲ್ಲಿ ನನ್ನ ಮುಖ ನೋಡಿ, "ಎಂತ ಮಾರಾಯ, ಯಾರು ಹೊಡೆದದ್ದು?" ಅಂದರು. ಫೋನ್ ತೋರಿಸಿದೆ. ನಗುತ್ತಾ ಟಿಶ್ಯೂ ಕಾಗದದ ಮೇಲೆ ಪೆನ್ನಿನಲ್ಲಿ ಒಂದು ಅಕ್ಷರ ಬರೆದರು: ع. "ಇದು ಐನ್. ಗಂಟಲಿನ ತಳದಿಂದ ಹಿಂಡಿ ಹೇಳುವ ಅಕ್ಷರ. ಇಂಗ್ಲಿಷ್ ಕೀಬೋರ್ಡಿನಲ್ಲಿ ಇದು ಎಲ್ಲಿದೆ ಹೇಳಿ?" ಇಲ್ಲ ಅಂದೆ. ಕಾಗದವನ್ನು ತಿರುವಿ ಬೆಳಕಿಗೆ ಹಿಡಿದರು. ಹಿಂದಿನಿಂದ ನೋಡಿದರೆ ಅದು 3ರ ಹಾಗೇ ಕಾಣುತ್ತಿತ್ತು.

ಗುಟ್ಟು ಅಷ್ಟೇ. ಸದ್ದಿನ ಹೋಲಿಕೆ ಅಲ್ಲ, ರೂಪದ ಹೋಲಿಕೆ. ಇಂಗ್ಲಿಷಿನಲ್ಲಿ ಇಲ್ಲದ ಅರಬ್ಬಿ ಅಕ್ಷರಕ್ಕೆ, ಅದರಂತೆ ಕಾಣುವ ಅಂಕಿಯನ್ನು ಹಾಕುತ್ತಾರೆ. ح ಅಕ್ಷರದ ತಲೆ 7ರ ಹಾಗಿದೆ. ಅದು ಗಂಟಲಿನ ಒಳಗಿನಿಂದ ಉಜ್ಜಿಕೊಂಡು ಬರುವ ಹ, ಕನ್ನಡಕದ ಗಾಜು ಒರೆಸುವ ಮುಂಚೆ 'ಹಾ' ಅಂತ ಊದುತ್ತೇವಲ್ಲ, ಹಾಗೆ. ಹಂಝ ಅನ್ನುವ ಪುಟ್ಟ ಗುರುತು ء ತಿರುಗಿಸಿದರೆ 2. ಅಲ್ಲಿ ಗಂಟಲು ಒಂದು ಕ್ಷಣ ಮುಚ್ಚಿ ತೆರೆಯುತ್ತದೆ, ಅಷ್ಟೇ. 5 ಮಾತ್ರ ಬೇರೆ ದಾರಿಯಲ್ಲಿ ಬಂದಂತಿದೆ. ಅರಬ್ಬಿಯಲ್ಲಿ ಐದಕ್ಕೆ ಖಂಸ ಅನ್ನುತ್ತಾರೆ, ಆ ಮೊದಲ ಅಕ್ಷರ خ, ಗಂಟಲು ಕೆರೆಯುವ ಖ. ಹಾಗಾಗಿ 5 ಅಂದರೆ ಖ ಅಂತ ನೆನಪಿಟ್ಟುಕೊಳ್ಳುವುದು ಸುಲಭ. ಇದೇ ಅಕ್ಷರವನ್ನು ಕೆಲವರು 7ರ ಪಕ್ಕ ಒಂದು ಚುಕ್ಕೆ ಹಾಕಿ 7' ಅಂತಲೂ ಬರೆಯುತ್ತಾರೆ. ಯಾಕೆಂದರೆ خ ಅಂದರೆ ح ಮೇಲೆ ಒಂದು ಬಿಂದು, ಅಷ್ಟೇ ವ್ಯತ್ಯಾಸ. ಅವಸರದಲ್ಲಿ ಆ ಚುಕ್ಕೆ ಬಿಟ್ಟೂ ಹೋಗುತ್ತದೆ. ಆಗ ದೇವರೇ ಗತಿ.

ಭಾಯಿ ಇನ್ನೊಂದು ಮಾತು ಹೇಳಿದರು. ಮದ್ರಸಾದಲ್ಲಿ ಕಲಿತದ್ದರಿಂದ ಅವರಿಗೆ ಅರಬ್ಬಿ ಲಿಪಿ ನೀರು ಕುಡಿದಷ್ಟು ಸಲೀಸು. ಆದರೂ ಇಲ್ಲಿಗೆ ಬಂದ ಹೊಸತರಲ್ಲಿ ಈ ಅಂಕಿಯ ಬರಹ ನೋಡಿ ಅವರೂ ತಬ್ಬಿಬ್ಬಾಗಿದ್ದರಂತೆ. ಆಗ ಎಷ್ಟೋ ಫೋನುಗಳಲ್ಲಿ ಅರಬ್ಬಿ ಅಕ್ಷರವೇ ಇರಲಿಲ್ಲ. ಇದ್ದರೂ ದುಡ್ಡಿನ ಲೆಕ್ಕ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಯುತ್ತಿತ್ತು, ಅರಬ್ಬಿಯಲ್ಲಿ ಬರೆದರೆ 70 ಮಾತ್ರ. ನಮ್ಮ ಕನ್ನಡಕ್ಕೂ ಅದೇ 70. ನಾವೂ ಅದಕ್ಕೇ ಅಲ್ವಾ hogtini, bartini ಅಂತ ಬರೆಯಲು ಶುರು ಮಾಡಿದ್ದು? ಫೋನು ಬದಲಾದರೂ ಅಭ್ಯಾಸ ಹೋಗಲಿಲ್ಲ. ಹೆಸರೂ ಹಾಗೇ ಬಂದದ್ದು: ಅರಬಿಯ ಜೊತೆ ಇಂಗ್ಲೀಝಿ ಸೇರಿ ಅರಬೀಝಿ. ಈಜಿಪ್ಟಿನವರು ಬರೀ 'ಫ್ರಾಂಕೊ' ಅನ್ನುತ್ತಾರೆ. ನಮ್ಮ ಡ್ರೈವರ್‌ಗಳ ಮುಂದೆ ಅರಬೀಝಿ ಅಂದರೆ ಅರ್ಥವಾಗಲಿಲ್ಲ, ಫ್ರಾಂಕೊ ಅಂದ ಕೂಡಲೇ "ಆಹ್!" ಅಂದರು.

ಆದರೆ ಒಂದು ವಿಷಯದಲ್ಲಿ ಅವರು ನಮಗಿಂತ ಜಾಣರು. ನಾವು bale ಅಂತ ಬರೆದರೆ ಅದು ಬಾಳೆಯೋ, ಬಲೆಯೋ, ಬಳೆಯೋ ಓದುವವನ ಹಣೆಬರಹ. ನಾವು ಳ ಮತ್ತು ಣ ಎರಡನ್ನೂ ಸುಮ್ನೆ ಬಿಟ್ಟುಕೊಟ್ಟೆವು. ಅವರು ತಮ್ಮ ಐನ್ ಬಿಡಲಿಲ್ಲ. ಅಂಕಿಯನ್ನಾದರೂ ತಂದು ಕೂರಿಸಿದರು. ಬಿಟ್ಟರೆ ಅರ್ಥ ಕೆಡುತ್ತದೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಆ ಸಂಜೆಯಿಂದ ಒಂದು ನೋಟ್‌ಬುಕ್ ಇಟ್ಟೆ. ಈ ದಾರಿಯಲ್ಲಿ ಬರುವವರಿಗೆ ನನ್ನ ಮೊದಲ ಸಲಹೆ: ನೆಟ್‌ನಲ್ಲಿ ಸಿಗುವ ಪಟ್ಟಿಯನ್ನು ಬಾಯಿಪಾಠ ಮಾಡಲು ಹೋಗಬೇಡಿ. ಮೊದಲು ಅಂಕಿ ಎಲ್ಲಿ ನಿಂತಿದೆ ನೋಡಿ. ಅಕ್ಷರಕ್ಕೆ ಅಂಟಿಕೊಂಡಿದ್ದರೆ ಅದು ಅಕ್ಷರ. ಎರಡೂ ಕಡೆ ಜಾಗ ಬಿಟ್ಟು ಒಂಟಿಯಾಗಿದ್ದರೆ ನಿಜವಾದ ಅಂಕಿ. 3 3arabeyat ಅಂತ ಬಂದರೆ ಮೊದಲನೆಯದು ಲೆಕ್ಕದ ಮೂರು, ಎರಡನೆಯದು ಐನ್; ಒಟ್ಟಿಗೆ 'ಮೂರು ಗಾಡಿಗಳು'. ಈ ಒಂದು ನಿಯಮದಿಂದಲೇ ಅರ್ಧ ಕೆಲಸ ಆಗುತ್ತದೆ. ಮೋಸ ಹೋಗುವುದು ಯಾವಾಗ ಅಂದರೆ, ಗಾಡಿ ಓಡಿಸುವ ಅವಸರದಲ್ಲಿ sa3a7 ಅಂತ ಜಾಗ ಬಿಡದೆ ಬರೆದಾಗ. ಅದಕ್ಕೆ ನಾನು ಎಲ್ಲರಿಗೂ ಒಂದು ಬೇಡಿಕೆ ಇಟ್ಟೆ: ಹೊತ್ತು ಬರೆಯುವಾಗ 7:00 ಅಂತಲೇ ಬರೆಯಿರಿ. ಏನೂ ಗೊಣಗದೆ ಒಪ್ಪಿದರು. ಇದನ್ನು ಮೊದಲ ದಿನವೇ ಕೇಳಿದ್ದರೆ 250 ದಿರ್ಹಮ್ ಉಳಿಯುತ್ತಿತ್ತು.

ಎರಡನೆಯ ಮಾತು, ಕಣ್ಣಲ್ಲಿ ಓದಬೇಡಿ, ಬಾಯಲ್ಲಿ ಓದಿ. ಜೋರಾಗಿ ಓದಿದರೆ ಎಷ್ಟೋ ಶಬ್ದ ನಮಗೆ ಮೊದಲೇ ಗೊತ್ತಿರುವವು. ನನಗೆ ಇದು ಗೊತ್ತಾದದ್ದು 7ader ಅನ್ನುವ ಮಾತಿನಿಂದ. ನಾನು ಏನು ಹೇಳಿದರೂ ಒಬ್ಬ ಡ್ರೈವರ್ ಉತ್ತರಕ್ಕೆ 7ader ಅಂತಷ್ಟೇ ಬರೆಯುತ್ತಿದ್ದ. ಒಂದು ದಿನ ಬಾಯಿಬಿಟ್ಟು ಓದಿದೆ: ಹಾದೆರ್, ಹಾದರ್, ಹಾಜರ್! ಶಾಲೆಯಲ್ಲಿ ಕೂಗಿದ 'ಹಾಜರ್ ಸಾರ್' ಇದೇ. 'ಆಯ್ತು, ಸಿದ್ಧ' ಅನ್ನುತ್ತಿದ್ದಾನೆ. ಆಮೇಲೆ ಒಂದರ ಹಿಂದೆ ಒಂದು ಬಂದವು. tari5 ಅಂದರೆ ತಾರೀಖು. 7esab ಅಂದರೆ ಹಿಸಾಬು. 5aly ಅಂದರೆ ಖಾಲಿ. ನಮ್ಮ ತಾಲ್ಲೂಕು ಕಚೇರಿಯ ಕನ್ನಡ ಅರ್ಧಕ್ಕರ್ಧ ಪಾರ್ಸಿ, ಉರ್ದು ದಾಟಿ ಬಂದ ಅರಬ್ಬಿ ಅಲ್ವಾ. ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದ ನನ್ನ ಅಪ್ಪ ಬಂದಿದ್ದರೆ ಈ ಗ್ರೂಪನ್ನು ನನಗಿಂತ ಬೇಗ ಓದುತ್ತಿದ್ದರು.

ಆದರೆ ಇದರಲ್ಲೂ ಒಂದು ಮುಳ್ಳಿದೆ. wosool ನೋಡಿ ವಸೂಲಿ ಅಂದುಕೊಂಡು, ಗಿರಾಕಿಯಿಂದ ದುಡ್ಡು ಬಂತು ಅಂತ ಭಾಯಿಗೆ ಹೇಳಿಬಿಟ್ಟೆ. ಅದಕ್ಕೆ ಅಲ್ಲಿ 'ತಲುಪುವುದು' ಅಂತ ಅರ್ಥ. ಬಂದದ್ದು ಗಾಡಿ, ದುಡ್ಡಲ್ಲ.

ಇನ್ನು isA. ಪ್ರತಿ ಮೆಸೇಜಿನ ಕೊನೆಗೂ isA. ಬಹುಶಃ ಈಸಾ ಅನ್ನುವ ಇನ್ನೊಬ್ಬ ಡ್ರೈವರ್ ಇರಬೇಕು, ಎಲ್ಲರೂ ಅವನ ಮೇಲೆ ಕೆಲಸ ಹಾಕುತ್ತಿದ್ದಾರೆ ಅಂದುಕೊಂಡೆ. ಹಾಜರಿ ಪಟ್ಟಿ ತೆಗೆದು ಹುಡುಕಿದೆ. ಎಚ್‌ಆರ್‌ಗೆ ಫೋನ್ ಮಾಡಿ ಈಸಾ ಅವರ ವೀಸಾ ಯಾವ ಕಂಪನಿಯದ್ದು ಅಂತಲೂ ಕೇಳಿದೆ. ಅದು ಇನ್ಶಾ ಅಲ್ಲಾ, 'ದೇವರ ದಯೆಯಿದ್ದರೆ', ಅದರ ಚುಟುಕು. ಕೊನೆಯ ಅಕ್ಷರ ದೊಡ್ಡದಾಗಿರುವುದು ಅಲ್ಲಾ ಅನ್ನುವ ಹೆಸರಿಗಾಗಿ. ಇದನ್ನು ಭಾಯಿ ಹೇಳಿ ಮುಗಿಸುವ ಹೊತ್ತಿಗೆ ಅವರ ಚಹಾ ಮೂಗಿನಲ್ಲಿ ಬಂದಿತ್ತು.

ಎರಡು ತಿಂಗಳು ಕಳೆಯುವಾಗ ಒಂದು ದಿನ ಮಧ್ಯಾಹ್ನ ಈ ಮೆಸೇಜು ಬಂತು:

```
ya basha el 3arabeya 3atlana 2oddam el ma7atta
7aga fel fetees, estanna sa3teen isA
```

ಆಗ ಭಾಯಿ ಊರಿಗೆ ಹೋಗಿದ್ದರು. ನನಗೆ ನಾನೇ. ನೋಟ್‌ಬುಕ್ ತೆಗೆದು ಒಂದೊಂದೇ ಬಿಡಿಸಿದೆ. ya basha ಅಂದರೆ ಅವರ ಮಾತಿನ 'ಸಾಹೇಬ್ರೆ'. 3arabeya ಗಾಡಿ ಅಂತ ಗೊತ್ತಿತ್ತು. 3atlana ಹೊಸದು, ಆದರೆ ಗಾಡಿಯ ಪಕ್ಕ ಬಂದಿದೆ, ಕೆಟ್ಟಿದೆ ಅಂತಲೇ ಇರಬೇಕು. ma7atta ಅಂದರೆ ನಿಲ್ದಾಣ, ಡ್ರೈವರ್‌ಗಳ ಬಾಯಲ್ಲಿ ಪೆಟ್ರೋಲ್ ಪಂಪು. 7aga ಅಂದರೆ ಏನೋ ಒಂದು. fetees ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ. ನಮ್ಮ ಮೆಕ್ಯಾನಿಕ್‌ಗೆ ಕೇಳಿದರೆ ಗೇರ್‌ಬಾಕ್ಸ್ ಅಂದ. ಫ್ರೆಂಚ್ ಮಾತು ಈಜಿಪ್ಟಿಗೆ ಬಂದು ಹಾಗಾಗಿದೆಯಂತೆ. estanna ಅಂದರೆ ಕಾಯಿ.

ಉಳಿದದ್ದು sa3teen. ಪಕ್ಕದ ಸೀಟಿನವರು ಇಣುಕಿ ನೋಡಿ 'ಥರ್ಟೀನ್' ಅಂದರು, ಹದಿಮೂರು ನಿಮಿಷ ಕಾಯಬೇಕಂತೆ ಅಂತ. ನಾನೂ ಎರಡು ತಿಂಗಳ ಹಿಂದೆ ಹಾಗೇ ಅನ್ನುತ್ತಿದ್ದೆ. ಆದರೆ 3 ಅಂಟಿಕೊಂಡಿದೆ, ಹಾಗಾಗಿ ಅದು ಐನ್. sa3a ಗಂಟೆ. ಅರಬ್ಬಿಯಲ್ಲಿ ಎರಡು ಅನ್ನಲು ಬೇರೆ ಶಬ್ದ ಬೇಕಿಲ್ಲ, ಕೊನೆಗೆ 'ಏನ್' ಸೇರಿಸಿದರೆ ಆಯಿತು. ಸಾಅತೇನ್, ಎರಡು ಗಂಟೆ. ಅಂಕಿಯಂತೆ ಕಾಣುವುದು ಅಕ್ಷರ, ನಿಜವಾದ ಎರಡು ಎಲ್ಲೂ ಬರೆದೇ ಇಲ್ಲ! ಗೇರ್‌ಬಾಕ್ಸ್ ಅಂದಮೇಲೆ ಎರಡು ಗಂಟೆಯೂ ಆಸೆಯ ಮಾತೇ, isA ಬೇರೆ ಇದೆ. ಕೂಡಲೇ ಇನ್ನೊಂದು ಗಾಡಿ ಕಳಿಸಿ ಸರಕು ಬದಲಾಯಿಸಿದೆ. ಆ ದಿನ ಯಾರೂ ನನ್ನ ಸಂಬಳ ಮುಟ್ಟಲಿಲ್ಲ.

ಖುಷಿಯಲ್ಲಿ ನಾನೂ ಉತ್ತರ ಬರೆಯಲು ಹೋದೆ. ಅವರು 'ಅಯ್ಯೋ ಪಾಪ' ಅನ್ನಲು ya 7aram ಅನ್ನುತ್ತಾರೆ. ನಾನು ya haram ಅಂತ ಬರೆದೆ. ಹ ಹೇಗಿದ್ದರೂ ಹ ಅಲ್ವಾ ಅಂತ. ಬಿಸಿಲಲ್ಲಿ ಕೆಟ್ಟ ಗಾಡಿಯ ಪಕ್ಕ ನಿಂತಿದ್ದವನು ಪಿರಮಿಡ್ಡಿನ ಚಿತ್ರ ಕಳಿಸಿದ. ಅರಬ್ಬಿಯಲ್ಲಿ ಸಾಧಾರಣ ಹ ಬೇರೆ, 7ರ ಹ ಬೇರೆ. ಸಾಧಾರಣ ಹ ಹಾಕಿದರೆ ಹರಮ್ ಅಂದರೆ ಪಿರಮಿಡ್. ಗೀಝಾದಲ್ಲಿ ಆ ಹೆಸರಿನ ದೊಡ್ಡ ರಸ್ತೆಯೇ ಇದೆ, ಅವನ ಮನೆ ಅಲ್ಲೇ ಹತ್ತಿರ. ನಾನು 'ಓ ಪಿರಮಿಡ್ಡೇ' ಅಂತ ಕರೆದಿದ್ದೆ. ಅವರವರೇ ಎಷ್ಟೋ ಸಲ 7 ಬಿಟ್ಟು h ಬರೆಯುತ್ತಾರೆ, ಆದರೆ ಹೊಸಬ ಬರೆದರೆ ಬಿಡುತ್ತಾರೆಯೇ? ಅಂಕಿ ಬಿಟ್ಟರೆ ಅರ್ಥ ಕೆಡುತ್ತದೆ ಅಂದದ್ದು ಇದಕ್ಕೇ.

ಇಷ್ಟಾದ ಮೇಲೆ ನನಗೆ ಎಲ್ಲ ಬಂತು ಅಂದುಕೊಂಡೆ. ಆಗ ಎಮಿರಾತಿ ಗಿರಾಕಿಯ ಮೆಸೇಜು ಬಂತು: 9ba7 el5air. ನನ್ನ ನೋಟ್‌ಬುಕ್‌ನಲ್ಲಿ 9 ಇರಲೇ ಇಲ್ಲ. ಈಜಿಪ್ಟಿನ ಡ್ರೈವರ್‌ಗಳು ಅದನ್ನು ಹೆಚ್ಚು ಬಳಸುವುದಿಲ್ಲ. ಒಂಬತ್ತು ಪೆಟ್ಟಿಗೆ ಕೇಳುತ್ತಿದ್ದಾರೋ ಅಂತ ಒಂದು ನಿಮಿಷ ಆರ್ಡರ್ ಪುಸ್ತಕ ತೆರೆದದ್ದೂ ಹೌದು. ಆಮೇಲೆ ಬಾಯಲ್ಲಿ ಓದಿದೆ: ಏನೋ ಬಾಹ್ ಅಲ್‌ಖೈರ್. ಸಬಾಹ್! ಶುಭೋದಯ ಹೇಳಿದ್ದು, ಪಾಪ. ಇಲ್ಲಿ ಕೊಲ್ಲಿ ನಾಡಿನಲ್ಲಿ 9 ಅಂದರೆ ص, ದಪ್ಪ ಸ. 6 ಅಂದರೆ ط, ದಪ್ಪ ತ. ಈಜಿಪ್ಟಿನವರು ಈ ಎರಡಕ್ಕೂ ಸಾಮಾನ್ಯವಾಗಿ s ಮತ್ತು t ಬರೆದು ಮುಗಿಸುತ್ತಾರೆ. ಲೆಬನಾನಿನ ಸೂಪರ್‌ವೈಸರ್ ಬೇರೆಯೇ ಜಾತಿ. ಫ್ರೆಂಚ್ ಕಲಿತವರಾದ್ದರಿಂದ ಶ ಬಂದಲ್ಲಿ ch ಬರೆಯುತ್ತಾರೆ. ಅವರ chou ಅಂದರೆ ಚೌ ಅಲ್ಲ, 'ಶೂ', ಏನು ಅಂತ.

ಅಂದರೆ ಒಂದೇ ಪಟ್ಟಿ ಎಲ್ಲರಿಗೂ ಸಾಲುವುದಿಲ್ಲ. ಇವರು ಬರೆಯುವುದು ಪುಸ್ತಕದ ಅರಬ್ಬಿಯನ್ನಲ್ಲ, ಅವರವರ ಮನೆಮಾತನ್ನು. ಮಂಗಳೂರಿನವನೂ ಧಾರವಾಡದವನೂ ತಮ್ಮ ತಮ್ಮ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹಾಗೆ. ನಾನು ಪರೀಕ್ಷೆಗೆ ಇಟ್ಟುಕೊಂಡ ಶಬ್ದ ಕಾಫಿ. ಲಿಪಿಯಲ್ಲಿ ಎಲ್ಲರಿಗೂ ಒಂದೇ, قهوة. ಮೊದಲ ಅಕ್ಷರ ಕಾಫ್, ನಾಲಿಗೆಯ ಬುಡದಿಂದ ಬರುವ ಕ. ಕೈರೋದವರು ಮಾತಿನಲ್ಲಿ ಆ ಕ ನುಂಗಿಬಿಡುತ್ತಾರೆ, ಗಂಟಲು ಮುಚ್ಚಿ ತೆರೆಯುವುದಷ್ಟೇ ಉಳಿಯುತ್ತದೆ. ಹಾಗಾಗಿ ಅವರದ್ದು 2ahwa. ಲೆಬನಾನಿನವರದ್ದೂ ಹಾಗೇ, ಕೊನೆಯಲ್ಲಿ ಮಾತ್ರ 2ahwe. ಇಲ್ಲಿಯವರು ಗ ಅನ್ನುತ್ತಾರೆ, gahwa. ಮೇಲಿನ ಮೆಸೇಜಿನಲ್ಲಿದ್ದ 2oddam ಕೂಡ ಹೀಗೇ, ಮೂಲದಲ್ಲಿ ಕಾಫ್ ಇರುವ 'ಮುಂದೆ'. ಹಾಗಾಗಿ 2 ಕಂಡರೆ ಒಮ್ಮೆ ಕ ಹಾಕಿಯೂ ಓದಿ ನೋಡಿ. delwa2ty ಅಂದರೆ 'ಈಗ' ಅಂತ ನನಗೆ ಹೊಳೆದದ್ದು ಹಾಗೇ. ಅದರ ಹೊಟ್ಟೆಯಲ್ಲಿ ಹಿಂದಿಯ ವಕ್ತ್ ಕೂತಿತ್ತು.

ಗೊತ್ತಾಗದ್ದು ಬಂದರೆ ಏನು ಮಾಡುವುದು ಅಂತ ಕೇಳುತ್ತೀರಿ. ನಾನು ಕಂಡ ಒಳ್ಳೆಯ ಉಪಾಯ ವಾಯ್ಸ್ ಮೆಸೇಜ್. "ಇದನ್ನೇ ಒಮ್ಮೆ ಹೇಳಿ ಕಳಿಸಿ" ಅಂದರೆ ಡ್ರೈವರ್‌ಗಳಿಗೂ ಸುಲಭ. ಕೇಳುತ್ತಾ ಬರಹ ನೋಡಿದರೆ ಅಂಕಿಯ ಸದ್ದು ಕಿವಿಯಲ್ಲಿ ಕೂರುತ್ತದೆ. ಎರಡನೆಯದು, ಯಾಮ್ಲಿಯಂಥ ಸೌಲಭ್ಯ. ಅದರಲ್ಲಿ ma7atta ಅಂತ ಟೈಪ್ ಮಾಡಿದರೆ ಅರಬ್ಬಿ ಲಿಪಿಯ ಸಾಧ್ಯತೆಗಳನ್ನು ತೋರಿಸುತ್ತದೆ. ಸರಿ ಅನ್ನಿಸಿದ್ದನ್ನು ಆರಿಸಿ ನಿಘಂಟಿಗೆ ಹಾಕಬಹುದು. ಆದರೆ ಲಿಪಿ ಬಾರದವನಿಗೆ ಆರಿಸುವುದೇ ಕಷ್ಟ, ಮತ್ತೆ ಭಾಯಿಯ ಟೇಬಲ್ಲಿಗೇ ಹೋಗಬೇಕಾಯಿತು. ಖರ್ಚಿನ ಲೆಕ್ಕ ಕೇಳಿದರೆ, ಆ 250 ದಿರ್ಹಮ್ ಬಿಟ್ಟು ಮಿಕ್ಕಿದ್ದೆಲ್ಲ ಭಾಯಿಗೆ ಕುಡಿಸಿದ ಕರಕ್ ಚಹಾ.

ನಿನ್ನೆ ಮೊರಾಕ್ಕೊದ ಹೊಸ ಡ್ರೈವರ್ ಗ್ರೂಪಿಗೆ ಸೇರಿದ. ಮಧ್ಯಾಹ್ನ ಅವನ ಮೊದಲ ಮೆಸೇಜು: daba ana 9rib. ಎಮಿರಾತಿ ಲೆಕ್ಕದಲ್ಲಿ ಓದಿದೆ, 'ಸ್ರೀಬ್'. ಹಾಗೊಂದು ಶಬ್ದ ನನ್ನ ನೋಟ್‌ಬುಕ್‌ನಲ್ಲಿ ಇಲ್ಲ. ಭಾಯಿಗೂ ಗೊತ್ತಿಲ್ಲ. ಈಜಿಪ್ಟಿನವರಿಗೆ ತೋರಿಸಿದೆ, ಅವರೂ ತಲೆ ಕೆರೆದುಕೊಂಡರು. ವಾಯ್ಸ್ ಕಳಿಸಪ್ಪ ಅಂದೆ. ಕಳಿಸಿದ: 'ದಾಬಾ ಅನಾ ಕ್ರೀಬ್'. ಈಗ ನಾನು ಹತ್ತಿರದಲ್ಲೇ ಇದ್ದೇನೆ ಅಂತ, ಹಿಂದಿಯ 'ಕರೀಬ್'. ಅವರ ಕಡೆ 9 ಅಂದರೆ ಸ ಅಲ್ಲ, ಕಾಫ್. ನೋಟ್‌ಬುಕ್‌ನಲ್ಲಿ ಹೊಸ ಹಾಳೆ ತೆಗೆದು, ಮೇಲೆ ಮೊರಾಕ್ಕೊ ಅಂತ ಬರೆದು, ಕಾಫಿಯ ಸಾಲಿಗೆ 9ahwa ಸೇರಿಸಿದೆ. ಅಷ್ಟರಲ್ಲಿ ಗೇಟಿನಲ್ಲಿ ಹಾರ್ನ್ ಕೇಳಿಸಿತು.